ಒಡೆಯದ ಬಾಟಲಿಯ ವರದಿ

ಆ್ಯಸಿಡ್ ಬಾಟಲಿ ಕೈಯಿಂದ ಜಾರಿತು, ಆದರೆ ಒಡೆಯಲಿಲ್ಲ, ಯಾರಿಗೂ ಗಾಯವಾಗಲಿಲ್ಲ. ಪ್ರಯೋಗಾಲಯಗಳಲ್ಲಿ ಇಂಥ ಘಟನೆಗೆ ‘ನಿಯರ್ ಮಿಸ್’ ಎನ್ನುತ್ತಾರೆ. ಅನಾಹುತ ಕೂದಲೆಳೆಯಲ್ಲಿ ತಪ್ಪಿದ್ದರೂ ಅದರ ಕಾರಣಗಳೆಲ್ಲ ಅಲ್ಲೇ ಇರುತ್ತವೆ. ಹಾಗಾಗಿ ವರದಿ ಬೇಕು.

ಕಾಲೇಜೊಂದರ ಲ್ಯಾಬ್ ತಂತ್ರಜ್ಞೆ ಸುರಕ್ಷತಾ ಅಧಿಕಾರಿಗೆ ಹೀಗೆ ಬರೆದರು ಎಂದುಕೊಳ್ಳೋಣ:

“ಬೆಳಿಗ್ಗೆ 9.40ಕ್ಕೆ ಸ್ಟೋರ್‌ನಿಂದ 2.5 ಲೀಟರಿನ ಗಾಢ ಸಲ್ಫ್ಯೂರಿಕ್ ಆ್ಯಸಿಡ್ ಬಾಟಲಿ ತರುತ್ತಿದ್ದೆ. ಬಲಗೈಯಲ್ಲಿ ಬಾಟಲಿಯ ಕತ್ತು ಹಿಡಿದಿದ್ದೆ, ಎಡಗೈಯಲ್ಲಿ ಸ್ಟಾಕ್ ರಿಜಿಸ್ಟರ್ ಇತ್ತು. ಲ್ಯಾಬ್ ಬಾಗಿಲನ್ನು ಭುಜದಿಂದ ತಳ್ಳುವಾಗ ಬಾಟಲಿ ಜಾರಿ ರಬ್ಬರ್ ಮ್ಯಾಟ್ ಮೇಲೆ ಬಿತ್ತು. ಒಡೆಯಲಿಲ್ಲ, ಸೋರಲಿಲ್ಲ. ಕನ್ನಡಕ, ಏಪ್ರನ್ ಹಾಕಿದ್ದೆ. ಇರುವ ಒಂದೇ ಕ್ಯಾರಿಯರ್ ಬೇರೆ ವಿಭಾಗದಲ್ಲಿತ್ತು.”

ಇದರಲ್ಲಿ ಕ್ಷಮೆಯಿಲ್ಲ, ದೂರಿಲ್ಲ. ನಡೆದದ್ದು ನಡೆದ ಹಾಗೆಯೇ ಇದೆ. ‘ಅಜಾಗರೂಕತೆಯಿಂದ ಬಾಟಲಿ ಬಿತ್ತು’ ಎಂದಷ್ಟೇ ಬರೆದಿದ್ದರೆ ಅಧಿಕಾರಿಗೆ ಸರಿಪಡಿಸಲು ಏನೂ ಸಿಗುತ್ತಿರಲಿಲ್ಲ.

ಈಗ ಸಿಗುತ್ತದೆ. ಗಾಢ ಗಂಧಕಾಮ್ಲ ನೀರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಭಾರ; ಅದರ ಸಾಂದ್ರತೆ 1.84. ಎರಡೂವರೆ ಲೀಟರ್ ಆಮ್ಲವೇ 4.6 ಕೆ.ಜಿ. ತೂಗುತ್ತದೆ, ಗಾಜಿನ ತೂಕ ಬೇರೆ. ನುಣುಪಾದ ಕತ್ತು ಹಿಡಿದು ಅಷ್ಟು ಭಾರ ಹೊರುವುದು ಎಷ್ಟೇ ನುರಿತ ಕೈಗೂ ಕಷ್ಟ. ಒಂದು ಕೈ ತಳಕ್ಕೆ ಆಸರೆ ಕೊಡಬೇಕಿತ್ತು. ರಿಜಿಸ್ಟರ್ ಅದನ್ನು ಕಸಿದುಕೊಂಡಿತು. ಬಾಗಿಲು ತೆರೆದು ಹಿಡಿಯುವವರು ಯಾರೂ ಇರಲಿಲ್ಲ.

ರಬ್ಬರ್ ಮ್ಯಾಟ್ ಕಾಲೊರೆಸಲು ಹಾಕಿದ್ದು. ಅದು ಕಾಪಾಡಿದ್ದು ಅದೃಷ್ಟ, ಅದನ್ನು ಸುರಕ್ಷತಾ ವ್ಯವಸ್ಥೆ ಎಂದು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಒಂದು ಹೆಜ್ಜೆ ಹಿಂದೆ ಬಿದ್ದಿದ್ದರೆ ಕೆಳಗೆ ಬರೀ ಗ್ರಾನೈಟ್ ನೆಲ. ಚರ್ಮ ಸುಡುವ ಆಮ್ಲ ಪಾದಗಳಿಗೆ ಸಿಡಿಯುತ್ತಿತ್ತು. ಕನ್ನಡಕ, ಏಪ್ರನ್ ಅಲ್ಲಿಗೆ ಉಪಯೋಗಕ್ಕೆ ಬರುತ್ತಿರಲಿಲ್ಲ.

ಅಧಿಕಾರಿ ಮೊದಲು ಬಿದ್ದ ಬಾಟಲಿಯನ್ನೇ ನೋಡಬೇಕು. ಕಣ್ಣಿಗೆ ಕಾಣದ ಸೀಳು ಆಮೇಲೆ ಬಾಯಿಬಿಡಬಹುದು. ಆದ್ದರಿಂದ ಅದನ್ನು ಆಮ್ಲ ತಡೆಯುವ ಪ್ಲಾಸ್ಟಿಕ್ ಟ್ರೇಯಲ್ಲಿ ನಿಲ್ಲಿಸಿ, ಫ್ಯೂಮ್ ಹುಡ್‌ನಲ್ಲಿ ಆಮ್ಲವನ್ನು ಬೇರೆ ಬಾಟಲಿಗೆ ವರ್ಗಾಯಿಸಬೇಕು.

ನಂತರದ್ದು ಪರಿಹಾರ. ‘ಎಚ್ಚರ ವಹಿಸಿ’ ಎಂಬ ಸುತ್ತೋಲೆಗಿಂತ 500 ಮಿ.ಲೀ. ಬಾಟಲಿಗಳನ್ನೇ ತರಿಸುವುದು ಲೇಸು: ಹೊರುವ ಭಾರವೂ ಕಡಿಮೆ, ಒಡೆದರೆ ಚೆಲ್ಲುವ ಆಮ್ಲವೂ ಕಡಿಮೆ. ದೊಡ್ಡದೇ ಬೇಕಿದ್ದರೆ, ಒಳಗೆ ಬಾಟಲಿ ಒಡೆದರೂ ಆಮ್ಲವನ್ನು ಹಿಡಿದಿಡುವ ಮುಚ್ಚಳವಿರುವ ಕ್ಯಾರಿಯರ್ ಸ್ಟೋರ್ ಬಾಗಿಲಲ್ಲೇ ತೂಗುಹಾಕಿರಬೇಕು. ಅದಿಲ್ಲದೆ ಬಾಟಲಿ ಕೊಡಬಾರದು. ರಿಜಿಸ್ಟರ್ ಸ್ಟೋರ್‌ನಲ್ಲೇ ಉಳಿಯಲಿ.

ಒಂದು ತಿಂಗಳ ಬಳಿಕ ಅಧಿಕಾರಿ ಮತ್ತೆ ಸ್ಟೋರ್ ಬಾಗಿಲ ಬಳಿ ನಿಂತು ನೋಡಬೇಕು. ಜನ ಇನ್ನೂ ಬಾಟಲಿಯ ಕತ್ತನ್ನೇ ಹಿಡಿದು ಹೊರಡುತ್ತಿದ್ದರೆ ವರದಿ ಫೈಲು ಸೇರಿತೇ ಹೊರತು ಕೆಲಸ ಮಾಡಲಿಲ್ಲ ಎಂದರ್ಥ. ತಂತ್ರಜ್ಞೆಗೆ ಏನು ಬದಲಾಯಿತೆಂದು ಲಿಖಿತ ಉತ್ತರವನ್ನೂ ಕೊಡಬೇಕು. ಉತ್ತರ ಬಾರದ ಕಡೆ ಎರಡನೇ ವರದಿಯನ್ನು ಯಾರೂ ಬರೆಯುವುದಿಲ್ಲ.