ಕುಕ್ಕರ್ ಸುಟ್ಟರೂ ಹಿಡಿ ಏಕೆ ಸುಡುವುದಿಲ್ಲ?

ಮೂರನೇ ಸೀಟಿ ಹೊತ್ತಿಗೆ ಕುಕ್ಕರಿನ ಒಳಗೆ ಸುಮಾರು 120 ಡಿಗ್ರಿ ಸೆಲ್ಸಿಯಸ್ ಬಿಸಿ. ಆದರೂ ಹಿಡಿಯನ್ನು ಬರಿಗೈಯಲ್ಲೇ ಹಿಡಿಯಬಹುದು.

ಉರಿ ತಗಲಿದ ಅಲ್ಯೂಮಿನಿಯಂ ತಳ ಬಿಸಿಯನ್ನು ಕಣದಿಂದ ಕಣಕ್ಕೆ ದಾಟಿಸುತ್ತದೆ. ಇದು ವಹನ. ಹಿಡಿಯ ಬೇಕಲೈಟ್‌ನಲ್ಲಿ ಬಿಸಿ ಹೀಗೆ ದಾಟುವುದು ನೂರಾರು ಪಟ್ಟು ಕಡಿಮೆ. ಆದರೆ ಹಿಡಿಯನ್ನು ಬಿಗಿದ ಸ್ಕ್ರೂ ಲೋಹದ್ದು. ಬೆರಳು ತಾಗಿದರೆ ಚುರುಕ್ ಎನ್ನುತ್ತದೆ.

ಒಳಗೆ ತಳದ ನೀರು ಕಾದು, ಹಗುರಾಗಿ ಮೇಲೇರುತ್ತದೆ. ಮೇಲಿನ ತಣ್ಣನೆಯ ನೀರು ಕೆಳಗಿಳಿಯುತ್ತದೆ. ಈ ಸುತ್ತಾಟವೇ ಸಂವಹನ.

ಒಲೆ ಆರಿಸಿದ ಮೇಲೆ ಕುಕ್ಕರಿನ ಪಕ್ಕಕ್ಕೆ ಎರಡು ಅಂಗುಲ ದೂರದಲ್ಲಿ ಅಂಗೈ ಒಡ್ಡಿದರೆ, ಮುಟ್ಟದೆಯೇ ಬಿಸಿ ತಿಳಿಯುತ್ತದೆ. ಕಾದ ಗಾಳಿ ಮೇಲೇರಿ ಹೋಗುವುದರಿಂದ, ಪಕ್ಕದ ಕೈಗೆ ಬರುವುದು ಬಹುಪಾಲು ವಿಕಿರಣ. ಮಸಿ ಹಿಡಿದ ಕುಕ್ಕರ್ ಇದನ್ನು ಹೆಚ್ಚು ಸೂಸುತ್ತದೆ, ಫಳಫಳ ಹೊಳೆಯುವುದು ಕಡಿಮೆ.

ಉರಿ ತಳವನ್ನು ಮೀರಿ ಮೇಲೆದ್ದರೆ ಮಾತ್ರ ಬೇಕಲೈಟ್ ಹಿಡಿಯೂ ಕರಕಲಾಗಿ, ಸುಟ್ಟ ವಾಸನೆ ಬರುತ್ತದೆ.