ಗೃಹಸಾಲದ ಜೊತೆ ಬರುವ ವಿಮೆ

ಗೃಹಸಾಲದ ಕಾಗದಗಳಿಗೆ ಸಹಿ ಹಾಕುವಾಗ ಆ ಕಟ್ಟಿನಲ್ಲಿ ಜೀವವಿಮೆಯ ಅರ್ಜಿಯೂ ಒಂದು ಇರುತ್ತದೆ. ಕೇಳಿದರೆ, ‘ಇದು ಕಂಪಲ್ಸರಿ ಸರ್, ಎಲ್ಲರೂ ಮಾಡಿಸ್ತಾರೆ’ ಎಂಬ ಉತ್ತರ. ಎಲ್ಲರೂ ಮಾಡಿಸುವುದು ನಿಜವಿರಬಹುದು, ಕಡ್ಡಾಯ ಎಂಬುದು ಮಾತ್ರ ಸುಳ್ಳು. ಸಾಲಗಾರ ಜೀವವಿಮೆ ಮಾಡಿಸಲೇಬೇಕೆಂದು ರಿಸರ್ವ್ ಬ್ಯಾಂಕೂ ಹೇಳಿಲ್ಲ, ವಿಮಾ ನಿಯಂತ್ರಕ ಐಆರ್‌ಡಿಎಐ ಕೂಡ ಹೇಳಿಲ್ಲ. ಕಟ್ಟಡಕ್ಕೆ ಮಾಡಿಸುವ ಬೆಂಕಿ ವಿಮೆಯ ಮಾತು ಬೇರೆ. ಸಾಲದ ಕರಾರು ಸಾಮಾನ್ಯವಾಗಿ ಅದನ್ನು ಕೇಳುತ್ತದೆ, ಕೇಳುವುದರಲ್ಲಿ ನ್ಯಾಯವೂ ಇದೆ.

ಬ್ಯಾಂಕ್ ಮುಂದಿಡುವ ಜೀವವಿಮೆ ಹೆಚ್ಚಾಗಿ ಗುಂಪು ಪಾಲಿಸಿ. ಪ್ರೀಮಿಯಂ ಒಂದೇ ಸಲದ್ದು, ಅದನ್ನೂ ಸಾಲಕ್ಕೇ ಸೇರಿಸಿಬಿಡುತ್ತಾರೆ. ಕೈಯಿಂದ ದುಡ್ಡು ಬಿಚ್ಚದ ಕಾರಣ ಭಾರ ಗೊತ್ತಾಗುವುದಿಲ್ಲ. ಒಂದು ಉದಾಹರಣೆ ನೋಡೋಣ: 40 ಲಕ್ಷ ಸಾಲ, 20 ವರ್ಷ, ಬಡ್ಡಿ ಶೇ 8.5. ಪ್ರೀಮಿಯಂ 1.2 ಲಕ್ಷ ಎಂದಿಟ್ಟುಕೊಳ್ಳಿ. ಅದಕ್ಕಾಗಿ ಕಂತು ತಿಂಗಳಿಗೆ ಸುಮಾರು 1,041 ರೂಪಾಯಿ ಏರುತ್ತದೆ. 20 ವರ್ಷ ಮುಗಿಯುವಾಗ ಕಟ್ಟಿದ್ದು ಹತ್ತಿರ ಹತ್ತಿರ 2.5 ಲಕ್ಷ.

ಇತ್ತ ವಿಮೆಯ ಮೊತ್ತ ಸಾಲದ ಜೊತೆಗೇ ಇಳಿಯುತ್ತ ಹೋಗುತ್ತದೆ. ಹತ್ತು ವರ್ಷದ ನಂತರ ಅದು 28 ಲಕ್ಷದ ಆಸುಪಾಸಿಗೆ ಬಂದಿರುತ್ತದೆ. ಇಳಿಕೆಯ ಪಟ್ಟಿಯನ್ನು ಮೊದಲ ದಿನದ ಬಡ್ಡಿಯ ಲೆಕ್ಕದಲ್ಲೇ ಬರೆದಿರುವುದರಿಂದ, ಮುಂದೆ ಬಡ್ಡಿ ಏರಿ ಸಾಲದ ಅವಧಿ ಹಿಗ್ಗಿದರೆ ಬಾಕಿ ಹೆಚ್ಚು, ವಿಮೆ ಕಡಿಮೆ ಆಗುವುದುಂಟು. ಗಂಡ ಹೆಂಡತಿ ಸೇರಿ ಸಾಲ ಮಾಡಿದ್ದರೂ ಒಬ್ಬರ ಹೆಸರಿಗಷ್ಟೇ ವಿಮೆ ಆಗಿರುವುದು ಇನ್ನೊಂದು ತೊಡಕು. ಪ್ರಮಾಣಪತ್ರದಲ್ಲಿ ಯಾರ ಹೆಸರಿದೆ ಎಂದು ನೋಡಿ.

ಅದೇ 1,041 ರೂಪಾಯಿ ವರ್ಷಕ್ಕೆ ಸುಮಾರು 12,500 ಆಗುತ್ತದೆ. ಮೂವತ್ತರ ಆಸುಪಾಸಿನ, ಬೀಡಿ ಸಿಗರೇಟು ಸೇದದ ಆರೋಗ್ಯವಂತರಿಗೆ ಅಷ್ಟಕ್ಕೆ 40 ಲಕ್ಷಕ್ಕಿಂತ ದೊಡ್ಡ ಟರ್ಮ್ ಪಾಲಿಸಿ ಸಾಮಾನ್ಯವಾಗಿ ಸಿಗುತ್ತದೆ, ಮೊತ್ತವೂ ಕೊನೆಯವರೆಗೆ ಕರಗುವುದಿಲ್ಲ. ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸಿದರೂ, ಬೇಗ ತೀರಿಸಿದರೂ ಪಾಲಿಸಿ ನಿಮ್ಮದೇ. 2025ರ ಸೆಪ್ಟೆಂಬರ್ 22ರಿಂದ ವ್ಯಕ್ತಿಗತ ಜೀವವಿಮೆಗೆ ಜಿಎಸ್‌ಟಿಯೂ ಇಲ್ಲ. ಗುಂಪು ಪಾಲಿಸಿಗೆ ಆ ವಿನಾಯಿತಿ ಸಿಕ್ಕಿಲ್ಲ.

ಹಾಗೆಂದು ಬ್ಯಾಂಕಿನ ಪಾಲಿಸಿಯನ್ನು ಪೂರಾ ತಳ್ಳಿಹಾಕುವಂತಿಲ್ಲ. ವಯಸ್ಸು ಐವತ್ತು ದಾಟಿದವರಿಗೆ, ಸಕ್ಕರೆ ಕಾಯಿಲೆ ಇದ್ದವರಿಗೆ ಟರ್ಮ್ ಪಾಲಿಸಿ ದುಬಾರಿಯಾಗಬಹುದು, ಸಿಗದೆಯೂ ಹೋಗಬಹುದು. ಗುಂಪು ಪಾಲಿಸಿಯಲ್ಲಿ ತಪಾಸಣೆ ಕಡಿಮೆ. ಆದರೆ ಆರೋಗ್ಯದ ಘೋಷಣೆಯನ್ನು ಬೇರೆಯವರು ಭರ್ತಿ ಮಾಡಿಕೊಟ್ಟರೆ ಓದದೆ ಸಹಿ ಹಾಕಬೇಡಿ. ಮುಚ್ಚಿಟ್ಟ ಕಾಯಿಲೆಯ ನೆಪದಲ್ಲಿ ಕ್ಲೇಮ್ ತಿರಸ್ಕರಿಸುವುದು ಇಲ್ಲಿಂದಲೇ.

‘ವಿಮೆ ಮಾಡಿಸದಿದ್ದರೆ ಸಾಲ ಇಲ್ಲ’ ಎಂದರೆ ಆ ಮಾತನ್ನು ಬರವಣಿಗೆಯಲ್ಲಿ ಕೇಳಿ. ಬರೆದುಕೊಡುವವರು ಅಪರೂಪ. ಈಗಾಗಲೇ ಸಹಿ ಹಾಕಿದ್ದರೂ, ಪಾಲಿಸಿ ಕೈಸೇರಿದ 30 ದಿನದೊಳಗೆ ಫ್ರೀ ಲುಕ್ ಸೌಲಭ್ಯದಡಿ ಹಿಂದಿರುಗಿಸಲು ಅವಕಾಶವಿದೆಯೇ ಎಂದು ವಿಮಾ ಕಂಪನಿಗೆ ನೇರವಾಗಿ ಬರೆದು ಕೇಳಿ. ಹಣ ವಾಪಸಾದಾಗ ಅದು ಸಾಲದ ಖಾತೆಗೇ ಜಮಾ ಆಗಿ, ಕಂತೂ ಇಳಿಯಿತೇ ಎಂದು ಖಚಿತಪಡಿಸಿಕೊಳ್ಳಿ.