ಬೆನ್ನ ಹಿಂದಿನ ಆರು ಸಾಲು

ಪುಸ್ತಕದ ಅಂಗಡಿಗೆ ಹೋದವರು ಮಾಡುವ ಕೆಲಸವನ್ನು ಗಮನಿಸಿ. ಹೊಸ ಲೇಖಕರ ಪುಸ್ತಕವನ್ನು ಕೈಗೆತ್ತಿಕೊಂಡವರು ಮುಖಪುಟ ನೋಡಿ, ಪುಸ್ತಕವನ್ನು ತಿರುಗಿಸಿ ಬೆನ್ನು ನೋಡುತ್ತಾರೆ. ಅಲ್ಲೊಂದು ಚಿಕ್ಕ ಭಾವಚಿತ್ರ, ಅದರ ಪಕ್ಕದಲ್ಲಿ ಐದಾರು ಸಾಲು ಪರಿಚಯ. ಹೆಸರು ಕೇಳದ ಲೇಖಕರನ್ನು ನಂಬಿ ಹಣ ಕೊಡಬೇಕೇ ಬೇಡವೇ ಎಂಬುದು ಅನೇಕ ಸಲ ಅಲ್ಲೇ ತೀರ್ಮಾನವಾಗುತ್ತದೆ.

ಬೆನ್ನುಡಿ ಬೇರೆ, ಲೇಖಕರ ಪರಿಚಯ ಬೇರೆ. ಬೆನ್ನುಡಿಯಲ್ಲಿ ಹಿರಿಯರೊಬ್ಬರು ಕೃತಿಯ ಬಗ್ಗೆ ತಮ್ಮ ಅಭಿಪ್ರಾಯ ಹೇಳುತ್ತಾರೆ; ಅಲ್ಲಿ ಮೆಚ್ಚುಗೆ ಸಹಜ. ಪರಿಚಯ ಹಾಗಲ್ಲ. ‘ಇವರು’, ‘ಅವರು’ ಎಂದು ಬರೆದಿದ್ದರೂ ಸಾಮಾನ್ಯವಾಗಿ ಅದನ್ನು ಬರೆದುಕೊಡುವವರು ಲೇಖಕರೇ. ಓದುಗರಿಗೆ ಇದು ಗೊತ್ತು. ಆದ್ದರಿಂದ ಅಲ್ಲಿ ಬರುವ ಹೊಗಳಿಕೆ ಆತ್ಮಪ್ರಶಂಸೆಯಂತೆ ಕೇಳಿಸುತ್ತದೆ.

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ತಾಯಿಯೊಬ್ಬರು ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಬರೆದ 11 ಕತೆಗಳು ಪುಸ್ತಕವಾಗುತ್ತಿವೆ. ಪ್ರಕಾಶಕರು ಪರಿಚಯ ಕೇಳಿದ್ದಾರೆ. ಅವರ ಮೊದಲ ಕರಡು ಹೀಗಿದೆ:

“ರೈತಾಪಿ ಕುಟುಂಬದಲ್ಲಿ ಜನಿಸಿದ ಇವರು ಬಾಲ್ಯದಿಂದಲೇ ಸಾಹಿತ್ಯಾಸಕ್ತರು. ಬಿ.ಕಾಂ. ಪದವೀಧರರು. ವೃತ್ತಿಯಿಂದ ಅಂಚೆ ನೌಕರರು, ಪ್ರವೃತ್ತಿಯಿಂದ ಕತೆಗಾರ್ತಿ. ಪ್ರಸ್ತುತ ಬೀರೂರಿನಲ್ಲಿ ಸೇವೆ ಸಲ್ಲಿಸುತ್ತಿದ್ದಾರೆ. ಇವರ ಅನೇಕ ಬರಹಗಳು ನಾಡಿನ ಪ್ರಮುಖ ಪತ್ರಿಕೆಗಳಲ್ಲಿ ಪ್ರಕಟಗೊಂಡು ಜನಮನ್ನಣೆ ಗಳಿಸಿವೆ.”

ಇದರಲ್ಲಿ ಸುಳ್ಳಿಲ್ಲ. ಆದರೆ ಹೆಸರನ್ನು ಕೈಯಿಂದ ಮುಚ್ಚಿ ಓದಿದರೆ, ಅಂಚೆಯ ಬದಲು ಬ್ಯಾಂಕು ಎಂದು ಸೇರಿಸಿ ಇದನ್ನು ಯಾರ ಪುಸ್ತಕದ ಮೇಲೆ ಬೇಕಾದರೂ ಅಚ್ಚು ಹಾಕಬಹುದು. ‘ಅನೇಕ’, ‘ಪ್ರಮುಖ’ ಎಂಬ ಪದಗಳು ಲೆಕ್ಕವನ್ನು ಮರೆಮಾಡುತ್ತವೆ. ಎರಡೇ ಕತೆ ಅಚ್ಚಾಗಿದ್ದರೆ ಎರಡು ಎಂದೇ ಹೇಳಿ, ಪತ್ರಿಕೆಯ ಹೆಸರು ಕೊಡುವುದು ಮೇಲು.

ಇನ್ನೊಂದು ದೋಷ ‘ಪ್ರಸ್ತುತ’ ಎಂಬ ಪದದಲ್ಲಿದೆ. ಹೊಸಬರ ಪುಸ್ತಕದ ಪ್ರತಿಗಳು ಮುಗಿಯಲು ವರ್ಷಗಳೇ ಹಿಡಿಯಬಹುದು. ಗ್ರಂಥಾಲಯದಲ್ಲಂತೂ ದಶಕಗಟ್ಟಲೆ ಉಳಿಯುತ್ತವೆ. ಅಷ್ಟರಲ್ಲಿ ವರ್ಗಾವಣೆಯಾಗುತ್ತದೆ, ನಿವೃತ್ತಿಯೂ ಬರುತ್ತದೆ. ‘ಸೇವೆ ಸಲ್ಲಿಸುತ್ತಿದ್ದಾರೆ’ ಎಂಬುದು ಸುಳ್ಳಾಗುತ್ತದೆ. ‘2004ರಲ್ಲಿ ಅಂಚೆ ಇಲಾಖೆ ಸೇರಿದರು’ ಎಂಬುದು ಎಂದಿಗೂ ಸುಳ್ಳಾಗದು.

ಉದ್ಯೋಗವನ್ನು ಹೇಳಬೇಕೇ? ಹಲವರಿಗೆ ಇಲ್ಲೊಂದು ಸಂಕೋಚ. ಗುಮಾಸ್ತಿಕೆಯ ಮಾತು ಬಂದರೆ ಸಾಹಿತಿ ಎಂದು ಒಪ್ಪುವುದಿಲ್ಲವೇನೋ ಎಂಬ ಅಳುಕು. ನಮ್ಮ ಮಾಸ್ತಿಯವರು ಮೈಸೂರು ಸಂಸ್ಥಾನದ ಸಿವಿಲ್ ಸರ್ವೀಸಿನಲ್ಲಿದ್ದುಕೊಂಡೇ ‘ಶ್ರೀನಿವಾಸ’ ಎಂಬ ಕಾವ್ಯನಾಮದಲ್ಲಿ ಕತೆ ಬರೆದವರು. ಉದ್ಯೋಗ ಕೃತಿಯ ಮೇಲೆ ಬೆಳಕು ಚೆಲ್ಲುವುದಾದರೆ ಅದಕ್ಕೊಂದು ವಾಕ್ಯ ಕೊಡಬೇಕು. ಇಲ್ಲವಾದರೆ ಎರಡು ಪದ ಸಾಕು. ಕೇಂದ್ರ ಸರ್ಕಾರಿ ನೌಕರರಿಗೆ ಅನ್ವಯಿಸುವ 1964ರ ನಡತೆ ನಿಯಮಗಳ ಪ್ರಕಾರ, ಪುಸ್ತಕದ ಅಭಿಪ್ರಾಯಗಳು ಸ್ವಂತದವು, ಸರ್ಕಾರದವಲ್ಲ ಎಂಬುದನ್ನು ಲೇಖಕರು ಸ್ಪಷ್ಟಪಡಿಸಬೇಕು. ಇದನ್ನು ಒಳಪುಟದಲ್ಲಿ ಒಂದು ಸಾಲಿನಲ್ಲಿ ಹೇಳಬಹುದು. ಬೆನ್ನಿನ ಮೇಲೆ ಹುದ್ದೆಯ ಪೂರ್ಣ ಹೆಸರು, ಕಚೇರಿಯ ವಿಳಾಸ ಬೇಕಿಲ್ಲ. ಮನೆ ವಿಳಾಸ, ಮಕ್ಕಳ ಹೆಸರು, ಹುಟ್ಟಿದ ದಿನಾಂಕ ಖಂಡಿತ ಬೇಡ.

ತಿದ್ದಿದ ಪರಿಚಯ ಹೀಗಾಗಬಹುದು:

“ಹುಟ್ಟೂರು ಕಡೂರು. 2004ರಲ್ಲಿ ಅಂಚೆ ಇಲಾಖೆ ಸೇರಿ, ಹೆಚ್ಚಿನ ವರ್ಷಗಳನ್ನು ಸಣ್ಣ ಊರುಗಳ ಉಳಿತಾಯ ಖಾತೆಯ ಕೌಂಟರಿನಲ್ಲಿ ಕಳೆದರು. ಆ ಕೌಂಟರಿನ ಮುಂದೆ ಸಾಲು ನಿಂತ ವೃದ್ಧೆಯರು ಈ ಸಂಕಲನದ ನಾಲ್ಕು ಕತೆಗಳಲ್ಲಿ ಬರುತ್ತಾರೆ. ಇಲ್ಲಿನ 11 ಕತೆಗಳನ್ನು ಬರೆದದ್ದು 2015ರಿಂದ 2023ರ ನಡುವೆ. ಇದು ಅವರ ಮೊದಲ ಪುಸ್ತಕ.”

ಹೊಗಳಿಕೆಯ ಒಂದು ಪದವೂ ಇಲ್ಲ. ಆದರೂ ಆ ವೃದ್ಧೆಯರ ಕತೆ ಏನೆಂದು ತಿಳಿಯಲು ಪುಟ ತೆರೆಯಬೇಕೆನಿಸುತ್ತದೆ. ‘ಮೊದಲ ಪುಸ್ತಕ’ ಎಂದು ಹೇಳಿಕೊಳ್ಳಲು ನಾಚಿಕೆ ಬೇಡ. ಇಷ್ಟು ದಿನ ಈ ಹೆಸರು ಏಕೆ ಕೇಳಿರಲಿಲ್ಲ ಎಂಬ ಓದುಗರ ಪ್ರಶ್ನೆಗೆ ಅದೇ ಉತ್ತರ.

ಅಳತೆಯ ಮಾತೂ ಇದೆ. ಬೆನ್ನುಪುಟದಲ್ಲಿ ಬೆನ್ನುಡಿ, ಭಾವಚಿತ್ರ, ಬೆಲೆ, ಐಎಸ್‌ಬಿಎನ್ ಪಟ್ಟಿ, ಪ್ರಕಾಶನದ ಲಾಂಛನ ಎಲ್ಲಕ್ಕೂ ಜಾಗ ಬೇಕು. ಪರಿಚಯ 40–50 ಪದ ಮೀರಿದರೆ ಅಕ್ಷರದ ಗಾತ್ರ ಕುಗ್ಗಿಸಬೇಕಾಗುತ್ತದೆ; ಕುಗ್ಗಿದ ಅಕ್ಷರವನ್ನು ಅಂಗಡಿಯ ಬೆಳಕಿನಲ್ಲಿ ಯಾರೂ ಓದುವುದಿಲ್ಲ.

ಕೊನೆಯ ಎಚ್ಚರ ಕರಡಚ್ಚಿನದು. ಒಳಪುಟಗಳೂ ರಕ್ಷಾಪುಟವೂ ಬೇರೆ ಬೇರೆಯಾಗಿ ಅಚ್ಚಾಗುತ್ತವೆ. ಒಳಪುಟಗಳನ್ನು ಮೂರು ಸಲ ತಿದ್ದಿದವರೂ ರಕ್ಷಾಪುಟವನ್ನು ಚಿತ್ರವೆಂದು ನೋಡಿ ಬಿಟ್ಟುಬಿಡುತ್ತಾರೆ. ಅಕ್ಷರ ವಿನ್ಯಾಸ ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತುಗಳು ಚೆಲ್ಲಾಪಿಲ್ಲಿಯಾಗುವುದೂ ಉಂಟು. ಆದ್ದರಿಂದ ಅಚ್ಚಿಗೆ ಹೋಗುವ ಮುನ್ನ ರಕ್ಷಾಪುಟದ ಪ್ರತಿಯನ್ನು ತರಿಸಿಕೊಂಡು, ಮುಖಪುಟ, ಶೀರ್ಷಿಕೆ ಪುಟ, ಬೆನ್ನು ಮೂರರಲ್ಲೂ ಹೆಸರು, ಇನಿಷಿಯಲ್ ಒಂದೇ ರೀತಿ ಇವೆಯೇ ಎಂದು ನೋಡಬೇಕು. ಮನೆಯಲ್ಲಿ ಓದುವ ಮಕ್ಕಳಿದ್ದರೆ ಈ ಕೆಲಸವನ್ನು ಅವರಿಗೇ ಒಪ್ಪಿಸಿ. ಬರೆದವರ ಕಣ್ಣು ದಾಟಿಬಿಡುವ ತಪ್ಪು ಹೊಸ ಕಣ್ಣಿಗೆ ತಟ್ಟನೆ ಬೀಳುತ್ತದೆ.